ಮಗುವಿನ ಕನ್ನಡ ನೋಟ್‌ಬುಕ್ ಪುಟ, ಹೊರದೇಶದ ಟೀಚರ್‌ಗೆ ಇಂಗ್ಲಿಷ್‌ನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ನಾಲ್ಕನೇ ಕ್ಲಾಸ್ ಮುಗಿಸಿದ ಮಗು ಇಂಗ್ಲೆಂಡ್‌ನ ಶಾಲೆಗೆ ಸೇರುತ್ತದೆ. ಅಲ್ಲಿನ ಟೀಚರ್ "ಹಿಂದಿನ ಶಾಲೆಯಲ್ಲಿ ಬರೆದದ್ದು ಏನಾದರೂ ಇದ್ದರೆ ತೋರಿಸಿ" ಅನ್ನುತ್ತಾರೆ. ಮನೆಯವರು ಸೂಟ್‌ಕೇಸ್‌ನಲ್ಲಿದ್ದ ಕನ್ನಡ ನೋಟ್‌ಬುಕ್ ತೆಗೆದು, ಒಂದು ಪುಟದ ಫೋಟೋ ಹಿಡಿದು, ಅನುವಾದಕ್ಕೆಂದು ನನಗೆ ಕಳಿಸುತ್ತಾರೆ. ಅದರ ಜೊತೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲ ಉತ್ತರ ಒಂದೇ ಕಡೆ ಬರೆದಿದ್ದೇನೆ.

ಕನ್ನಡದಲ್ಲಿ ಬರೆದದ್ದು ಅಲ್ಲಿನ ಟೀಚರ್‌ಗೆ ಯಾಕೆ ಬೇಕು? ಅವರು ಕಲಿಸುವುದು ಇಂಗ್ಲಿಷ್ ಅಲ್ವಾ?

ಹೌದು, ಆದರೆ ಅವರಿಗೆ ಬೇಕಾಗಿರುವುದು ಬೇರೆ ವಿಷಯ. ಇಂಗ್ಲಿಷ್ ಬಾರದ ಮಗು ಕ್ಲಾಸಿನಲ್ಲಿ ಸುಮ್ಮನೆ ಕೂತಿದ್ದರೆ ಅದಕ್ಕೆ ಬರೆಯುವುದೇ ಗೊತ್ತಿಲ್ಲವೋ, ಬರೆಯುವುದು ಗೊತ್ತಿದ್ದು ಇಂಗ್ಲಿಷ್ ಮಾತ್ರ ಗೊತ್ತಿಲ್ಲವೋ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಅಲ್ಲಿನ ಶಾಲೆಗಳಲ್ಲಿ ಇಂಥ ಮಕ್ಕಳನ್ನು ಇಎಎಲ್ ಮಕ್ಕಳು ಅಂತಾರೆ, ಅಂದರೆ ಮನೆಮಾತಿನ ಜೊತೆಗೆ ಇಂಗ್ಲಿಷ್ ಕಲಿಯುತ್ತಿರುವವರು. ತನ್ನ ಭಾಷೆಯಲ್ಲಿ ಒಂದು ಪುಟ ಬರೆಯಬಲ್ಲ ಮಗುವಿಗೆ ಕಲಿಸುವ ದಾರಿಯೇ ಬೇರೆ. ಇನ್ನೊಂದು ಮಾತು. ಇಂಗ್ಲೆಂಡ್‌ನಲ್ಲಿ ಮಗುವನ್ನು ಸಾಮಾನ್ಯವಾಗಿ ವಯಸ್ಸು ನೋಡಿ ಕ್ಲಾಸಿಗೆ ಹಾಕುತ್ತಾರೆ. ಆಗಸ್ಟ್ ಕೊನೆಯೊಳಗೆ ಒಂಬತ್ತು ತುಂಬಿದ ಮಗು ಸೆಪ್ಟೆಂಬರ್‌ನಿಂದ ಅಲ್ಲಿ ಇಯರ್ ಫೈವ್. ಇಲ್ಲಿನ "ನಾಲ್ಕನೇ ಕ್ಲಾಸ್" ಅನ್ನುವ ಮಾತಿನಿಂದ ಟೀಚರ್‌ಗೆ ಏನೂ ತಿಳಿಯುವುದಿಲ್ಲ, ಪುಟ ನೋಡಿದರೆ ತಿಳಿಯುತ್ತದೆ.

ಯಾವ ಪುಟ ಆರಿಸಬೇಕು? ಅಕ್ಷರ ಚೆನ್ನಾಗಿರುವ ಪುಟ ಸಾಕಾ?

ಅಕ್ಷರ ದುಂಡಗಿರುವ ಪುಟಗಳು ಸಾಮಾನ್ಯವಾಗಿ ಬೋರ್ಡ್ ನೋಡಿ ಬರೆದ ಪುಟಗಳು. ನಮ್ಮ ನೋಟ್‌ಬುಕ್‌ಗಳಲ್ಲಿ ಮೂರು ಥರದ ಬರಹ ಇರುತ್ತದೆ: ಬೋರ್ಡ್ ಅಥವಾ ಪುಸ್ತಕ ನೋಡಿ ಇಳಿಸಿದ್ದು, ಉಕ್ತಲೇಖನ, ಮಗು ತಾನಾಗಿ ಬರೆದದ್ದು. ಟೀಚರ್‌ಗೆ ಬೇಕಾಗಿರುವುದು ಮೂರನೆಯದು. ಅದೇ ಕಡಿಮೆ ಸಿಗುವುದು, ಏನು ಮಾಡೋಣ.

ಗುರುತಿಸುವುದು ಕಷ್ಟವಲ್ಲ. "ಪ್ರಶ್ನೆ 1, ಉತ್ತರ" ಎಂದು ಶುರುವಾಗಿ ವಾಕ್ಯಗಳೆಲ್ಲ ಪಾಠದ ವಾಕ್ಯಗಳ ಹಾಗೇ ಇದ್ದರೆ ಅದು ಇಳಿಸಿದ್ದು. ಒಂದರ ಕೆಳಗೊಂದು ಪದ, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಇದ್ದರೆ ಉಕ್ತಲೇಖನ. ಮಧ್ಯೆ ಮಧ್ಯೆ ಮಾತಾಡುವ ಹಾಗೆ ಬರೆದ ಪದ, ಹೊಡೆದು ಹಾಕಿ ಮತ್ತೆ ಬರೆದದ್ದು, ಅಜ್ಜಿ, ನಾಯಿ, ಜಾತ್ರೆ ಎಲ್ಲ ಬಂದರೆ ಅದು ಮಗುವಿನದೇ. ಉಕ್ತಲೇಖನ ಮಾತ್ರ ಸಿಕ್ಕರೂ ಪರವಾಗಿಲ್ಲ, ಕಾಗುಣಿತ ತಪ್ಪು ಅದರಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಯಾವ ಥರದ ಬರಹ ಎನ್ನುವುದನ್ನು ಅನುವಾದದ ಮೊದಲ ಸಾಲಿನಲ್ಲೇ ಬರೆಯಲೇಬೇಕು. ಇಳಿಸಿ ಬರೆದ ಪುಟವನ್ನು ಸ್ವಂತ ಬರಹ ಎಂದು ನಂಬಿದರೆ ಟೀಚರ್ ಮಗುವಿನಿಂದ ಅದರ ಅಳತೆಗೆ ಮೀರಿದ್ದನ್ನು ನಿರೀಕ್ಷಿಸುತ್ತಾರೆ.

ಪುಟದ ಮೇಲೆ ತಾರೀಕು ಇದ್ದರೆ ತುಂಬಾ ಒಳ್ಳೆಯದು. ಅದನ್ನು ತಿಂಗಳ ಹೆಸರಿನ ಜೊತೆ ಬರೆಯಿರಿ. 5-3 ಎಂದು ಬಿಟ್ಟರೆ ಇಂಗ್ಲೆಂಡ್‌ನಲ್ಲಿ ಸರಿಯಾಗಿ ಮಾರ್ಚ್ 5 ಎಂದೇ ಓದುತ್ತಾರೆ, ಅಮೆರಿಕದಲ್ಲಾದರೆ ಮೇ 3 ಆಗಿಬಿಡುತ್ತದೆ. ನಮ್ಮಲ್ಲಿ ಮಾರ್ಚ್ ಅಂದರೆ ಕ್ಲಾಸಿನ ಕೊನೆ, ಅವರಿಗೆ ವರ್ಷದ ನಡುಭಾಗ. ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

ಫೋಟೋ ಹೇಗೆ ತೆಗೆಯಬೇಕು?

ಹಗಲು ಬೆಳಕಲ್ಲಿ, ಪುಟವನ್ನು ಚಪ್ಪಟೆ ಮಾಡಿ, ನೇರವಾಗಿ ಮೇಲಿನಿಂದ. ಮಗುವಿನ ಹೆಸರು, ಶಾಲೆಯ ಹೆಸರು ಇರುವ ಲೇಬಲ್ ಬೇಡ. ಬಹಳ ಜನ ಪುಟದ ಕೆಳಗಿನ ಅಂಚನ್ನು ಕತ್ತರಿಸಿಬಿಡುತ್ತಾರೆ, ಕೊನೆಯ ಸಾಲಿನ ಒತ್ತಕ್ಷರಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಫೋಟೋ ಸಿಕ್ಕ ಮೇಲೆ ಮೊದಲ ಕೆಲಸ ಏನು?

ಅನುವಾದ ಅಲ್ಲ. ಮೊದಲು ಪುಟದಲ್ಲಿ ಹೇಗಿದೆಯೋ ಹಾಗೇ ಕನ್ನಡದಲ್ಲಿ ಟೈಪ್ ಮಾಡಿ. ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ, ಸಾಲಿಗೆ ನಂಬರ್ ಹಾಕಿ. ತಪ್ಪನ್ನು ತಪ್ಪಾಗಿಯೇ ಬಿಡಿ.

ಹೇಳುವುದು ಸುಲಭ. ಕನ್ನಡ ಓದಿ ಬೆಳೆದವರ ಕಣ್ಣು "ಹನ್ನು" ನೋಡಿದ ಕೂಡಲೇ "ಹಣ್ಣು" ಎಂದು ಓದಿಕೊಂಡು ಮುಂದೆ ಹೋಗುತ್ತದೆ, ಕೈಯೂ ಅದನ್ನೇ ಟೈಪ್ ಮಾಡುತ್ತದೆ. ಫೋನಿನ ಕೀಬೋರ್ಡ್ ಇನ್ನೂ ಮುಂದೆ, ನೀವು ತಪ್ಪು ಬರೆದರೂ ತಾನೇ ತಿದ್ದುತ್ತದೆ. ಆದ್ದರಿಂದ ತಾನಾಗಿ ತಿದ್ದುವ ಸೆಟ್ಟಿಂಗ್ ಆಫ್ ಮಾಡಿಯೇ ಕೂತುಕೊಳ್ಳಿ. ಟೈಪ್ ಮಾಡಿದ ಮೇಲೆ ಕೊನೆಯ ಪದದಿಂದ ಹಿಂದಕ್ಕೆ, ಒಂದೊಂದೇ ಪದ ಹೋಲಿಸಿ ನೋಡಿ. ಹಿಂದಿನಿಂದ ಓದಿದರೆ ಅರ್ಥ ಕಟ್ಟುವುದಿಲ್ಲ, ಹಾಗಾಗಿ ಅಕ್ಷರ ಮಾತ್ರ ಕಾಣುತ್ತದೆ.

ಒಂದು ಪುಟ ಇಟ್ಟುಕೊಂಡು ತೋರಿಸಿ.

ಸರಿ. ನಾಲ್ಕನೇ ಕ್ಲಾಸಿನ ಮಗು ಬರೆಯುವಂಥ ಪುಟ, ಮೇಲೆ "ನಮ್ಮ ಊರ ಜಾತ್ರೆ" ಎಂದು ಹೆಡಿಂಗ್. ಇದ್ದ ಹಾಗೇ ಟೈಪ್ ಮಾಡಿದರೆ ಹೀಗಿರುತ್ತದೆ:

1. ನಮ್ಮ ಹಲ್ಲಿಯಲ್ಲಿ ಪ್ರತಿ ವರ್ಷ ಜಾತ್ರೆ ನಡೆಯುತ್ತದೆ.
2. ನಾನು ಅಜಿ ಜೊತೆ ತೇರು ನೋಡೋಕೆ ಹೋದೆ.
3. ತೇರಿಗೆ ಬಾಳೆ ಹನ್ನು ಎಸೆದೆವು.
4. ಅಜಿ ನನಗೆ ಪೀಪಿ ಕೊಡಿಸಿದರು.
5. ಆಮೇಲೆ ಹಾಕಾಶದಲ್ಲಿ ಮೋಡ ಬಂತು.
6. ಮಲೆ ಬಂತು ನಾವು ಬೇಗ ಮನೆಗೆ ಬಂದೆವು
7. ನನಗೆ ತುಂಬ ಸಂತೋಶ ಆಯಿತು.

ಇದರಲ್ಲಿ ಕಾಗುಣಿತ ತಪ್ಪು ಎಷ್ಟು? ಹಲ್ಲಿ, ಅಜಿ, ಹನ್ನು, ಹಾಕಾಶ, ಮಲೆ, ಸಂತೋಶ. ಆರು ಪದ. ಅಜಿ ಎರಡು ಸಲ ಬಂದಿರುವುದರಿಂದ ಏಳು ಜಾಗ. ಟೀಚರ್‌ಗೆ "ಆರು ಪದ, ಅದರಲ್ಲಿ ಒಂದು ಪದ ಮಾತ್ರ ಎರಡು ಸಲ" ಎಂದೇ ಬರೆಯಿರಿ, ಏಳು ಎಂದು ಬರೆದು ಬಿಡಬೇಡಿ. ಒಂದೇ ಪದವನ್ನು ಎರಡು ಕಡೆ ಒಂದೇ ರೀತಿ ತಪ್ಪು ಬರೆದರೆ ಆ ಪದ ಮಗುವಿನ ತಲೆಯಲ್ಲಿ ಹಾಗೇ ಕೂತಿದೆ ಎಂದು ಅರ್ಥ. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಇದ್ದರೆ ಅವಸರ ಇರಬಹುದು. ಆರನೇ ಸಾಲಿನಲ್ಲಿ ಎರಡು ವಾಕ್ಯ ಒಂದಾಗಿವೆ, ಕೊನೆಗೆ ಚುಕ್ಕಿ ಇಲ್ಲ. ಅದು ಕಾಗುಣಿತ ಅಲ್ಲ, ಬೇರೆಯಾಗಿ ಗುರುತು ಹಾಕಿ.

ಸರಿಯಾಗಿ ಬರೆದದ್ದನ್ನೂ ನೋಡಿ. "ವರ್ಷ"ದ ಅರ್ಕಾವತ್ತು ಸರಿ ಇದೆ. "ಜಾತ್ರೆ", "ಪ್ರತಿ" ಎರಡರಲ್ಲೂ ಒತ್ತು ಸರಿಯಾದ ಜಾಗದಲ್ಲಿದೆ. "ನಡೆಯುತ್ತದೆ" ಪೂರ್ತಿ ಬರೆದಿದೆ. ಮೂರನೇ ಸಾಲಿನ "ಬಾಳೆ"ಯಲ್ಲಿ ಳ ಸರಿ ಇದೆ, ಅಂದರೆ ಆ ಅಕ್ಷರ ಬರುತ್ತದೆ. ತಪ್ಪಿನ ಪಟ್ಟಿ ಮಾತ್ರ ಕೊಟ್ಟರೆ ಕನ್ನಡ ಗೊತ್ತಿಲ್ಲದವರಿಗೆ ಇದೆಲ್ಲ ಕಾಣುವುದೇ ಇಲ್ಲ. ಹಾಗಾಗಿ ಇಂಥ ಎರಡು ಮೂರು ಪದಗಳನ್ನೂ ಟಿಪ್ಪಣಿಯಲ್ಲಿ ಸೇರಿಸಿ.

ಕನ್ನಡದಲ್ಲಿ ತಪ್ಪಿದ್ದ ಕಡೆ ಇಂಗ್ಲಿಷ್‌ನಲ್ಲೂ ಸ್ಪೆಲ್ಲಿಂಗ್ ತಪ್ಪು ಮಾಡಿ ತೋರಿಸಬಹುದಾ?

ಬೇಡ. ಇದನ್ನು ಮಾಡುವವರು ತುಂಬಾ ಜನ, ಉದ್ದೇಶವೂ ಒಳ್ಳೆಯದೇ. "ಹನ್ನು" ಎಂದಿದೆ, ಹಾಗಾಗಿ ಬನಾನಾದಲ್ಲಿ ಒಂದು ಎನ್ ಬಿಡೋಣ ಅಂತಾರೆ. ಆದರೆ ಆ ತಪ್ಪು ಈಗ ನಿಮ್ಮದು, ಮಗುವಿನದಲ್ಲ. ಮಗು ಮಾಡಿದ್ದು ಣ ಜಾಗದಲ್ಲಿ ನ ಬರೆದದ್ದು. ಎನ್ ಬಿಟ್ಟದ್ದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಓದಿದ ಟೀಚರ್ ಈ ಮಗು ಅಕ್ಷರ ಬಿಡುತ್ತದೆ ಎಂದುಕೊಂಡು ಅದಕ್ಕೆ ತಕ್ಕ ಪಾಠ ಶುರು ಮಾಡಬಹುದು.

ಇಂಗ್ಲಿಷ್ ಶುದ್ಧವಾಗಿರಲಿ, ಮಗುವಿನ ವಾಕ್ಯದಷ್ಟೇ ಸರಳವಾಗಿರಲಿ. ತಪ್ಪು ಇದ್ದ ಪದದ ಪಕ್ಕ ಒಂದು ಸಣ್ಣ ನಂಬರ್ ಹಾಕಿ, ವಿವರವನ್ನು ಕೆಳಗಿನ ಪಟ್ಟಿಯಲ್ಲಿ ಕೊಡಿ. ವಾಕ್ಯಗಳನ್ನು ಸೇರಿಸಿ ಚಂದ ಮಾಡಲು ಹೋಗಬೇಡಿ. ಮಗು ಏಳು ಚಿಕ್ಕ ಸಾಲು ಬರೆದಿದ್ದರೆ ಇಂಗ್ಲಿಷ್‌ನಲ್ಲೂ ಏಳು ಚಿಕ್ಕ ಸಾಲು. "ಬಂತು" ಎರಡು ಸಲ ಬಂದಿದ್ದರೆ ಅಲ್ಲೂ ಎರಡು ಸಲ "ಕೇಮ್" ಬರಲಿ. ಆರನೇ ಸಾಲಿನ ವಾಕ್ಯಗಳು ಅಂಟಿಕೊಂಡೇ ಇರಲಿ, ಅದಕ್ಕೂ ಒಂದು ನಂಬರ್. ಒಂಬತ್ತು ವರ್ಷದ ಮಗು ಎಷ್ಟು ಉದ್ದದ ವಾಕ್ಯ ಕಟ್ಟುತ್ತದೆ ಎನ್ನುವುದೂ ಟೀಚರ್‌ಗೆ ಬೇಕಾದ ಮಾಹಿತಿಯೇ.

ತಪ್ಪಿನಿಂದ ಬೇರೆ ಪದವೇ ಆಗಿಬಿಟ್ಟರೆ? "ಹಲ್ಲಿಯಲ್ಲಿ ಜಾತ್ರೆ" ಅಂದರೆ ಏನು ಬರೆಯಲಿ?

ಇಲ್ಲೇ ಹೆಚ್ಚು ಎಡವುವುದು. ನಮ್ಮ ಪುಟದಲ್ಲಿ ಎರಡು ಕಡೆ ಹೀಗಾಗಿದೆ. ಮೊದಲ ಸಾಲಿನ ಪ್ರಕಾರ ಜಾತ್ರೆ ನಡೆಯುವುದು ಗೋಡೆಯ ಮೇಲಿನ ಹಲ್ಲಿಯೊಳಗೆ! ಆರನೇ ಸಾಲಿನಲ್ಲಿ ಬಂದದ್ದು ಮಲೆ, ಅಂದರೆ ಬೆಟ್ಟ. ಅಕ್ಷರ ಅಕ್ಷರಕ್ಕೆ ಅನುವಾದ ಮಾಡಿದರೆ ಓದುವವರು ನಗುತ್ತಾರೆ, ಅಥವಾ ಮಗುವಿನ ಕಲ್ಪನೆ ಬಹಳ ಜೋರಾಗಿದೆ ಎಂದುಕೊಳ್ಳುತ್ತಾರೆ.

ಸುತ್ತಲಿನ ವಾಕ್ಯ ನೋಡಿ ಮಗು ಹೇಳಹೊರಟದ್ದನ್ನೇ ಬರೆಯಬೇಕು. ಇಂಗ್ಲಿಷ್‌ನಲ್ಲಿ "ವಿಲೇಜ್", "ರೇನ್" ಎಂದೇ ಇರಲಿ. ಕೆಳಗಿನ ಪಟ್ಟಿಯಲ್ಲಿ ಮಾತ್ರ, ಬರೆದ ಹಾಗೆ ಓದಿದರೆ "ಲಿಝರ್ಡ್" ಆಗುತ್ತದೆ ಎಂದು ಸೇರಿಸಿ. ಇದು ತಮಾಷೆಗಲ್ಲ. ಕಾಗುಣಿತ ತಿದ್ದುವ ತಂತ್ರಾಂಶ ಇಂಥ ತಪ್ಪನ್ನು ಹಿಡಿಯುವುದಿಲ್ಲ, ಏಕೆಂದರೆ ಹಲ್ಲಿಯೂ ಸರಿಯಾದ ಪದವೇ. ಮಗುವಿಗೂ ತಾನೇ ಓದಿ ನೋಡಿದಾಗ ಕಣ್ಣಿಗೆ ಬೀಳುವುದು ಕಡಿಮೆ.

ಒಂದು ಜೋಡಿಯ ಬಗ್ಗೆ ಎಚ್ಚರಿಕೆ. "ಹೇಳಿ" ಬರೆಯುವ ಕಡೆ ಮಕ್ಕಳು "ಹೇಲಿ" ಬರೆಯುತ್ತಾರೆ, ಅದು ಏನಾಗುತ್ತದೆ ಎಂದು ನಿಮಗೇ ಗೊತ್ತು. ಅಲ್ಲಿ ಬೇರೆ ಅರ್ಥ ಬರೆಯುವ ಅಗತ್ಯ ಇಲ್ಲ. ಳ ಜಾಗದಲ್ಲಿ ಲ ಎಂದರೆ ಸಾಕು.

ಇನ್ನು ಕೆಲವು ಕಡೆ ಎರಡೂ ಅರ್ಥ ಹೊಂದುತ್ತವೆ. "ಅಜ್ಜಿ ಅಕ್ಕಿ ತಂದರು" ಎಂದಿದೆ ಎನ್ನಿ. ಮಾತಿನಲ್ಲಿ ಹ ಬಿಡುವ ಊರಿನ ಮಗುವಾದರೆ ಅದು ಹಕ್ಕಿಯೂ ಇರಬಹುದು. ಮುಂದಿನ ಸಾಲಿನಲ್ಲಿ ಪಂಜರ ಬರುತ್ತದೋ ಪಾಯಸ ಬರುತ್ತದೋ ನೋಡಿ. ಅಲ್ಲೂ ಗೊತ್ತಾಗದಿದ್ದರೆ ಮಗುವನ್ನೇ ಕೇಳಿ, ಪಕ್ಕದಲ್ಲೇ ಇದೆಯಲ್ಲ. ಕೇಳಿ ತಿಳಿದದ್ದಾದರೆ "ಮಗು ಹೇಳಿದ್ದು" ಎಂದು ಟಿಪ್ಪಣಿಯಲ್ಲಿ ಬರೆಯಿರಿ.

ಟೀಚರ್‌ಗೆ ಕನ್ನಡ ಲಿಪಿ ಓದಲು ಬರುವುದಿಲ್ಲ. ತಪ್ಪನ್ನು ಹೇಗೆ ತೋರಿಸುವುದು?

ರೋಮನ್ ಅಕ್ಷರದಲ್ಲಿ, ಆದರೆ ನಾವು ವಾಟ್ಸಾಪ್‌ನಲ್ಲಿ ಬರೆಯುವ ಹಾಗಲ್ಲ. ವಾಟ್ಸಾಪ್ ರೀತಿಯಲ್ಲಿ ಹಣ್ಣೂ `hannu`, ಹನ್ನೂ `hannu`. ತಪ್ಪೇ ಮಾಯ. ISO 15919 ಎಂಬ ಪದ್ಧತಿ ಇದೆ, ಅದರಲ್ಲಿ ಣ, ಳ ಅಕ್ಷರಗಳಿಗೆ ಕೆಳಗೆ ಚುಕ್ಕಿ, ದೀರ್ಘಕ್ಕೆ ಮೇಲೆ ಗೆರೆ. ಸಂಸ್ಕೃತದವರು ಬಳಸುವ ಪದ್ಧತಿಯೂ ಸುಮಾರು ಹಾಗೇ ಇದೆ, ಆದರೆ ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. ನಮಗೆ ಎ ಏ, ಒ ಓ ಬೇರೆ ಬೇರೆ ಕಾಣಲೇಬೇಕು. ಅದಕ್ಕೆ ISO ಪದ್ಧತಿಯೇ ಸರಿ.

ನಮ್ಮ ಪುಟದ ಪಟ್ಟಿ ಹೀಗಾಗುತ್ತದೆ. ಮೊದಲು ಮಗು ಬರೆದದ್ದು, ಬಾಣದ ನಂತರ ಸರಿಯಾದದ್ದು:

```
1     halli    → haḷḷi
2, 4  aji      → ajji
3     hannu    → haṇṇu
5     hākāśa   → ākāśa
6     male     → maḷe
7     santōśa  → santōṣa
```

ಎಡಗಡೆ ಇರುವುದು ಸಾಲಿನ ನಂಬರ್. ಪ್ರತಿ ಸಾಲಿಗೂ ಬಲಗಡೆ ಇಂಗ್ಲಿಷ್ ಅರ್ಥ, ಒಂದು ವಾಕ್ಯದ ವಿವರಣೆ ಸೇರಿಸಿ. ಆರನೇ ಸಾಲಿನದನ್ನು ಸ್ವಲ್ಪ ನೋಡಿ. ಅದನ್ನು ಇಂಗ್ಲಿಷ್ ಓದುವವರು "ಮೇಲ್" ಎಂದೇ ಓದುತ್ತಾರೆ, ಗಂಡಸಿನ ಮಾತು ಇಲ್ಲಿ ಯಾಕೆ ಬಂತು ಎಂದು ಗೊಂದಲ ಆಗುತ್ತದೆ. ಹಾಗಾಗಿ ಕನ್ನಡದ ಪದಗಳನ್ನೆಲ್ಲ ಇಟಾಲಿಕ್ ಮಾಡಿ, ಪಟ್ಟಿಯ ಮೇಲೆ "ಇವು ಕನ್ನಡ ಪದಗಳು" ಎಂದು ಬರೆದುಬಿಡಿ. ಚುಕ್ಕಿ ಅಂದರೆ ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಳುವ ಸದ್ದು ಎಂದು ಒಂದು ಸಾಲು ವಿವರಣೆ ಸಾಕು.

ಎಲ್ಲ ತಪ್ಪೂ ಒಂದೇನಾ? ಯಾವುದು ದೊಡ್ಡದು ಎಂದು ಹೇಳಬೇಕಾ?

ದೊಡ್ಡದು ಚಿಕ್ಕದು ಎನ್ನುವುದಕ್ಕಿಂತ ಯಾಕೆ ಬಂತು ಎಂದು ಹೇಳಿದರೆ ಉಪಯೋಗ ಜಾಸ್ತಿ.

ಕೆಲವು ತಪ್ಪು ಕಿವಿಗೆ ಕೇಳುವುದೇ ಇಲ್ಲ. ಶ, ಷ ಎರಡನ್ನೂ ನಮ್ಮಲ್ಲಿ ಬಹುಪಾಲು ಜನ ಒಂದೇ ಥರ ಹೇಳುತ್ತೇವೆ. ಯಾವ ಪದಕ್ಕೆ ಯಾವುದು ಎನ್ನುವುದು ನೋಡಿ ನೋಡಿ ನೆನಪಿಟ್ಟುಕೊಳ್ಳಬೇಕಾದದ್ದು. "ಸಂತೋಶ" ಅಂಥ ತಪ್ಪು. ಇಂಗ್ಲಿಷ್ ಮಕ್ಕಳು "ದೇರ್" ಎಂಬ ಸದ್ದಿನ ಎರಡು ಸ್ಪೆಲ್ಲಿಂಗ್ ಅದಲು ಬದಲು ಮಾಡುತ್ತಾರಲ್ಲ, ಹಾಗೆ ಎಂದು ಬರೆದರೆ ಟೀಚರ್‌ಗೆ ತಕ್ಷಣ ಅರ್ಥವಾಗುತ್ತದೆ. ಮಹಾಪ್ರಾಣದ ತಪ್ಪುಗಳೂ ಹೆಚ್ಚು ಕಡಿಮೆ ಇದೇ ಗುಂಪು. "ವಿದ್ಯಾರ್ತಿ", "ಬಾರತ" ಎಂದು ಬರೆಯುವ ಮಗು ತಾನು ಮಾತಾಡಿದ ಹಾಗೇ ಬರೆದಿದೆ.

ಎರಡನೆಯದು ಊರ ಮಾತಿನಿಂದ ಬಂದದ್ದು. ಹಳೆ ಮೈಸೂರು ಕಡೆ ಅನೇಕರ ಮಾತಿನಲ್ಲಿ ಹ ಬಿದ್ದುಹೋಗುತ್ತದೆ, ಹಾಲು ಆಲು ಆಗುತ್ತದೆ. ಶಾಲೆಯಲ್ಲಿ "ಹ ಸೇರಿಸಿ ಬರಿ" ಎಂದು ತಿದ್ದಿ ತಿದ್ದಿ, ಮಗು ಬೇಡದ ಕಡೆಯೂ ಹ ಹಾಕಲು ಶುರು ಮಾಡುತ್ತದೆ. "ಹಾಕಾಶ" ಬಂದದ್ದು ಹಾಗೆ. ಇದು ನಿಯಮ ಕಲಿಯುತ್ತಿರುವ ಮಗುವಿನ ತಪ್ಪು, ಗಮನ ಇಲ್ಲದ ಮಗುವಿನದಲ್ಲ. ಇದನ್ನು ಬಿಡಿಸಿ ಬರೆಯದಿದ್ದರೆ ಹೊರಗಿನವರಿಗೆ ಸುಮ್ನೆ ಒಂದು ಅಕ್ಷರ ಜಾಸ್ತಿ ಬಂದ ಹಾಗೆ ಕಾಣುತ್ತದೆ.

ಮೂರನೆಯದು ಳ-ಲ, ಣ-ನ. ಇವುಗಳ ಸದ್ದು ಬೇರೆ, ಅರ್ಥವೂ ಬದಲಾಗುತ್ತದೆ. ಮಗು ಮಾತಾಡುವಾಗ "ಹಳ್ಳಿ" ಎಂದು ಸರಿಯಾಗಿ ಹೇಳುತ್ತದೋ ಇಲ್ಲವೋ ಎನ್ನುವುದು ಮುಖ್ಯ. ಬಾಯಲ್ಲಿ ಸರಿ ಇದ್ದು ಬರಹದಲ್ಲಿ ತಪ್ಪಿದರೆ ಅಕ್ಷರ ಆರಿಸುವುದರಲ್ಲಿ ತೊಂದರೆ. ಬಾಯಲ್ಲೂ ಹಲ್ಲಿಯೇ ಆದರೆ ಮಗು ತಾನು ಹೇಳುವುದನ್ನೇ ಬರೆದಿದೆ. ಪುಟ ನೋಡಿ ಇದನ್ನು ಹೇಳಲಾಗದು. ಮಗುವಿನ ಕೈಲಿ ಆ ಪದಗಳನ್ನು ಹೇಳಿಸಿ, ಕೇಳಿ, ಆಮೇಲೆ ಟಿಪ್ಪಣಿ ಬರೆಯಿರಿ.

ಕೊನೆಗೆ ಒತ್ತಕ್ಷರ, ದೀರ್ಘ ಬಿಟ್ಟುಹೋಗುವುದು. "ಅಜಿ" ಈ ಗುಂಪು. ಆದರೆ ಅದನ್ನು ಪಟ್ಟಿಗೆ ಹಾಕುವ ಮೊದಲು ಮುಂದಿನ ಉತ್ತರ ಓದಿ.

ತಪ್ಪು ಬರೆದಿದೆಯೋ, ಕೈಬರಹ ಸರಿ ಕಾಣುತ್ತಿಲ್ಲವೋ, ಹೇಗೆ ತಿಳಿಯುವುದು?

ಒತ್ತಕ್ಷರ ಅಕ್ಷರದ ಕೆಳಗೆ ಇಳಿಯುತ್ತದೆ, ಗೆರೆ ಹಾಕಿದ ನೋಟ್‌ಬುಕ್‌ನಲ್ಲಿ ಅದು ಸರಿಯಾಗಿ ನೀಲಿ ಗೆರೆಯ ಮೇಲೋ ಮುಂದಿನ ಸಾಲಿನ ತಲೆಕಟ್ಟಿನೊಳಗೋ ಸಿಕ್ಕಿಹಾಕಿಕೊಳ್ಳುತ್ತದೆ. ಮಗು ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿದ್ದರೆ ಫೋಟೋದಲ್ಲಿ ಪೂರ್ತಿ ಮಾಯ. ಆದ್ದರಿಂದ "ಅಜಿ" ಕಂಡರೆ ಕೂಡಲೇ ತಪ್ಪು ಎನ್ನಬೇಡಿ. ಫೋಟೋ ದೊಡ್ಡದು ಮಾಡಿ ಜಿ ಕೆಳಗಿನ ಗೆರೆ ಆ ಜಾಗದಲ್ಲಿ ದಪ್ಪ ಆಗಿದೆಯಾ ನೋಡಿ. ನೋಟ್‌ಬುಕ್ ಕೈಯಲ್ಲೇ ಇದ್ದರೆ ಪುಟವನ್ನು ಓರೆ ಬೆಳಕಿಗೆ ಹಿಡಿಯಿರಿ, ಪೆನ್ಸಿಲ್ ಒತ್ತಿದ ಗುರುತು ಕಾಣುತ್ತದೆ. ಅದೇ ಪದ ಇನ್ನೊಂದು ಕಡೆ ಬಂದಿದ್ದರೆ ಅಲ್ಲಿ ಹೇಗಿದೆ ನೋಡಿ. ನಮ್ಮ ಪುಟದಲ್ಲಿ ಎರಡನೇ ಮತ್ತು ನಾಲ್ಕನೇ ಸಾಲು ಎರಡರಲ್ಲೂ ಜಿ ಕೆಳಗೆ ಖಾಲಿ ಇದೆ, "ನಮ್ಮ" ಪದದ ಒತ್ತು ಮಾತ್ರ ಸ್ಪಷ್ಟವಾಗಿ ಕಾಣುತ್ತಿದೆ ಎನ್ನಿ. ಆಗ ತಪ್ಪು ಎಂದು ಧೈರ್ಯವಾಗಿ ಬರೆಯಬಹುದು.

ಒಂದೇ ಗೀಟಿನ ಅಂತರ ಇರುವ ಅಕ್ಷರಗಳೂ ಇವೆ. ದ ಹೊಟ್ಟೆಯ ಕೆಳಗೆ ಸಣ್ಣ ಗೀಟು ಬಂದರೆ ಧ, ಬ-ಭ, ಡ-ಢ ಕೂಡ ಹಾಗೇ. ರ ನಡುವೆ ಚುಕ್ಕಿ ಬಂದರೆ ಠ. ಪ ಮತ್ತು ವ ಅವಸರದಲ್ಲಿ ಒಂದೇ ಆಗಿಬಿಡುತ್ತವೆ. ಇಂಥ ಕಡೆ ಅನುಮಾನದ ಲಾಭ ಮಗುವಿಗೆ ಕೊಡಿ. ಸರಿಯಾದ ಅಕ್ಷರ ಎಂದೇ ಟೈಪ್ ಮಾಡಿ, "ಅಕ್ಷರ ಸ್ಪಷ್ಟವಿಲ್ಲ" ಎಂದು ಪಕ್ಕದಲ್ಲಿ ಬರೆಯಿರಿ. ಓದಲು ಆಗದೇ ಹೋದರೆ ಆ ಜಾಗದಲ್ಲಿ `[?]` ಹಾಕಿ ಬಿಡಿ, ಊಹಿಸಿ ತುಂಬಬೇಡಿ.

ಅರ್ಕಾವತ್ತಿನ ವಿಷಯ ಒಂದು. ಕೈಯಲ್ಲಿ ಬರೆಯುವಾಗ ಅದು ಅಕ್ಷರದ ಆಮೇಲೆ ಬರುತ್ತದೆ, ಟೈಪ್ ಮಾಡುವಾಗ ರ್ ಮೊದಲು. ಕೆಲವರು ಕಣ್ಣಿಗೆ ಕಂಡ ಹಾಗೆ ಷ ಟೈಪ್ ಮಾಡಿ ಪಕ್ಕಕ್ಕೆ ಕನ್ನಡದ ಒಂಬತ್ತು ಹಾಕುತ್ತಾರೆ: "ವಷ೯". ನೋಡಲು ಸರಿ ಅನಿಸುತ್ತದೆ, ಆದರೆ ಅದು ಅಂಕಿ. ಮಗು ಮಾಡದ ತಪ್ಪನ್ನು ನಾವೇ ಸೇರಿಸಿದ ಹಾಗಾಯಿತು.

"ನೋಡೋಕೆ" ತಪ್ಪಲ್ವಾ? ಪುಸ್ತಕದಲ್ಲಿ "ನೋಡಲು" ಎಂದಿರಬೇಕಲ್ಲ?

ಕಾಗುಣಿತ ತಪ್ಪಲ್ಲ. ಅದು ಆಡುಮಾತು. ಮಗು ತಾನು ಹೇಳುವುದನ್ನು ತಪ್ಪಿಲ್ಲದೆ ಬರೆದಿದೆ. ಇಲ್ಲಿನ ಶಾಲೆಯ ಮೇಡಂ ಅದನ್ನು ಹೊಡೆದು "ನೋಡಲು" ಎಂದು ಬರೆದಿರಬಹುದು, ಅದು ಅವರ ಪಾಠ. ನಿಮ್ಮ ಟಿಪ್ಪಣಿಯಲ್ಲಿ ಇದು "ಮಾತಿನ ರೂಪ" ಎಂಬ ಬೇರೆ ಸಾಲಿನಲ್ಲಿ ಹೋಗಬೇಕು. ಧಾರವಾಡ ಕಡೆಯ ಮಗು "ಸಾಲಿ" ಎಂದು ಬರೆದರೂ ಅಷ್ಟೇ, ಅದು ಅಲ್ಲಿನ ಮನೆಮಾತು. ಬೆಂಗಳೂರಿನವರು ಕೂತು ಅದನ್ನು ಶಾಲೆಯ ತಪ್ಪು ಸ್ಪೆಲ್ಲಿಂಗ್ ಎಂದು ಪಟ್ಟಿಗೆ ಹಾಕಿದರೆ ನನಗೆ ಸಿಟ್ಟು ಬರುತ್ತದೆ. ಕಥೆ-ಕತೆ, ತುಂಬ-ತುಂಬಾ, ಬಸ್-ಬಸ್ಸು ಇವೆಲ್ಲ ಎರಡೂ ಸರಿ. ಬಾಳೆಹಣ್ಣನ್ನು ಬಿಡಿಸಿ "ಬಾಳೆ ಹಣ್ಣು" ಎಂದು ಬರೆದದ್ದನ್ನೂ ಬಿಟ್ಟುಬಿಡಿ.

ಅಜ್ಜಿ "ಕೊಡಿಸಿದರು" ಎಂದಿದೆ. ಇಂಗ್ಲಿಷ್‌ನಲ್ಲಿ "ದೇ" ಬರೆಯಬೇಕಾ?

ಇಲ್ಲ, "ಶೀ". ಅಜ್ಜಿಗೆ ಬಹುವಚನ ಕೊಟ್ಟದ್ದು ಗೌರವಕ್ಕೆ. ಬೇಕಾದರೆ ಟಿಪ್ಪಣಿಯಲ್ಲಿ ಒಂದು ಸಾಲು ಹಾಕಿ, ಯಾಕೆಂದರೆ ಇದೇ ಮಗು ಇಂಗ್ಲಿಷ್ ಬರೆಯಲು ಶುರು ಮಾಡಿದಾಗ ಟೀಚರ್ ಬಗ್ಗೆ "ದೇ" ಎಂದು ಬರೆದರೆ ಅದು ಎಲ್ಲಿಂದ ಬಂತು ಎಂದು ಅವರಿಗೆ ಗೊತ್ತಾಗುತ್ತದೆ. ದೊಡ್ಡಕ್ಷರದ ವಿಷಯವೂ ಹಾಗೇ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ ಎಂದು ಹೇಳದಿದ್ದರೆ ಹೊರಗಿನವರಿಗೆ ಹೊಳೆಯುವುದಿಲ್ಲ.

ತೇರಿಗೆ ಬಾಳೆಹಣ್ಣು ಎಸೆದೆವು ಎಂದರೆ ಅಲ್ಲಿಯವರು ಏನೆಂದುಕೊಳ್ಳುತ್ತಾರೆ?

ಕಿಡಿಗೇಡಿ ಮಕ್ಕಳು ಹಣ್ಣು ಎಸೆದು ಗಲಾಟೆ ಮಾಡಿದರು ಎಂದುಕೊಳ್ಳುತ್ತಾರೆ! ರಥೋತ್ಸವದಲ್ಲಿ ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿನ ಕಡೆ ಎಸೆಯುವುದು ಹರಕೆ, ಭಕ್ತಿ. ಇದಕ್ಕೆ ಒಂದು ವಾಕ್ಯದ ವಿವರಣೆ ಬೇಕೇ ಬೇಕು. ಅನುವಾದದ ಒಳಗೆ ತುರುಕಬೇಡಿ, ಮಗು ಬರೆದದ್ದು ಮೂರೇ ನಾಲ್ಕು ಪದ. ಪೀಪಿ, ಮೋಡ ಇವಕ್ಕೆಲ್ಲ ವಿವರಣೆ ಬೇಡ.

ಪುಟದಲ್ಲಿ ಕೆಂಪು ಇಂಕಿನ ಗುರುತುಗಳಿವೆ. ಅವನ್ನೂ ಅನುವಾದ ಮಾಡಬೇಕಾ?

ಮಾಡಬೇಕು, ಆದರೆ ಮಗುವಿನ ಬರಹದ ಜೊತೆ ಬೆರೆಸಬಾರದು. ಮೇಡಂ "ಹನ್ನು" ಮೇಲೆ ಣ್ಣು ತಿದ್ದಿದ್ದರೆ, ನೀವು ಟೈಪ್ ಮಾಡಬೇಕಾದದ್ದು ಕೆಳಗಿರುವ ಮಗುವಿನ ಅಕ್ಷರ. ತಿದ್ದಿದ್ದನ್ನು ಪಟ್ಟಿಯಲ್ಲಿ "ಶಾಲೆಯಲ್ಲೇ ತಿದ್ದಿದ್ದಾರೆ" ಎಂದು ಬರೆಯಿರಿ. ತಿದ್ದದೇ ಬಿಟ್ಟ ತಪ್ಪನ್ನು "ಅನುವಾದಕರು ಗಮನಿಸಿದ್ದು" ಎನ್ನಿ. ಇಡೀ ಪುಟದ ಮೇಲೆ ಎಳೆದ ಒಂದು ದೊಡ್ಡ ಟಿಕ್, ಕೆಳಗೆ ಸಹಿ ಇದ್ದರೆ ಸಾಮಾನ್ಯವಾಗಿ ಅದರ ಅರ್ಥ "ನೋಡಿದೆ" ಎಂದಷ್ಟೇ, ಎಲ್ಲ ಸರಿ ಇದೆ ಎಂದಲ್ಲ. ಅಲ್ಲಿಯವರು ಅದನ್ನು ಪೂರ್ತಿ ಅಂಕ ಎಂದು ಓದಬಹುದು, ಹೇಳಿಬಿಡಿ.

ಇಷ್ಟು ತಪ್ಪಿದೆ ಎಂದರೆ ಡಿಸ್‌ಲೆಕ್ಸಿಯಾ ಇರಬಹುದಾ? ಅದನ್ನು ಬರೆಯಲಾ?

ಬರೆಯಬೇಡಿ. ಒಂದು ಪುಟ ನೋಡಿ ಅದನ್ನು ಯಾರೂ ಹೇಳಲಾರರು, ಅನುವಾದ ಮಾಡುವವರಂತೂ ಅಲ್ಲವೇ ಅಲ್ಲ. "ವೀಕ್", "ಬ್ರೈಟ್" ಎಂಬ ಮಾತೂ ಬೇಡ. ಏನು ಕಂಡಿತೋ ಅದನ್ನು ಬರೆಯಿರಿ: ಹೆಡಿಂಗ್ ಬಿಟ್ಟು ಮೂವತ್ತನಾಲ್ಕು ಪದ, ಆರು ಪದದಲ್ಲಿ ಕಾಗುಣಿತ ತಪ್ಪು, ಅದರಲ್ಲಿ ಎರಡು ಳ-ಲ. ಮನೆಯವರಿಗೆ ಅನುಮಾನ ಇದ್ದರೆ ಅದನ್ನು ಟೀಚರ್ ಹತ್ತಿರ ಬೇರೆಯಾಗಿ ಮಾತಾಡಲಿ. ಆಗ ಒಂದು ಪುಟ ಸಾಲದು, ಬೇರೆ ಬೇರೆ ತಿಂಗಳ ಪುಟಗಳು ಬೇಕು. ಅದೇ ತಪ್ಪು ಜೂನ್‌ನಲ್ಲಿ ಎಲ್ಲ ಕಡೆ ಇದ್ದು ಮಾರ್ಚ್‌ಗೆ ಕಡಿಮೆಯಾಗಿದ್ದರೆ ಅದು ಕಲಿಕೆ. ಹಾಗೇ ಉಳಿದಿದ್ದರೆ ಕೇಳಬೇಕಾದ ವಿಷಯ.

ನೋಟರಿ, ಸೀಲು, ಪ್ರಮಾಣಪತ್ರ ಏನಾದರೂ ಬೇಕಾ?

ಕ್ಲಾಸ್ ಟೀಚರ್ ನೋಡುವ ಪುಟಕ್ಕೆ ಬೇಡ. ಟಿಸಿ, ಮಾರ್ಕ್ಸ್ ಕಾರ್ಡ್ ಆದರೆ ಬೇರೆ, ಅದಕ್ಕೆ ಏನು ಬೇಕೆಂದು ಶಾಲೆಯ ಆಫೀಸನ್ನೇ ಕೇಳಿ.

ನಾನೇ ಅಪ್ಪ, ನಾನೇ ಅನುವಾದ ಮಾಡಿದರೆ ತಪ್ಪಾ?

ತಪ್ಪೇನಿಲ್ಲ, "ಅನುವಾದ ಮಾಡಿದ್ದು ತಂದೆ" ಎಂದು ಮೇಲೆ ಬರೆದರಾಯಿತು. ಆದರೆ ಅಪ್ಪ ಅಮ್ಮಂದಿರು ಗೊತ್ತಿಲ್ಲದೆಯೇ ಮಗುವಿನ ಪರ ವಹಿಸುತ್ತಾರೆ, "ಮೋಡ ಬಂತು" ಅವರ ಕೈಯಲ್ಲಿ "ಕಾರ್ಮೋಡ ಕವಿಯಿತು" ಆಗಿಬಿಡುತ್ತದೆ. ಮುಗಿದ ಮೇಲೆ ಕನ್ನಡ ಬಲ್ಲ ಇನ್ನೊಬ್ಬರಿಗೆ ನಿಮ್ಮ ಇಂಗ್ಲಿಷ್ ಕೊಟ್ಟು, ಒಂದೊಂದು ಸಾಲಿಗೂ ಮಗು ಏನು ಬರೆದಿರಬಹುದು ಎಂದು ಕನ್ನಡದಲ್ಲಿ ಹೇಳಲು ಕೇಳಿ. ಅವರು ಹೇಳಿದ್ದು ಪುಟದಲ್ಲಿರುವುದಕ್ಕಿಂತ ದೊಡ್ಡವರ ಮಾತಾಗಿದ್ದರೆ ಆ ಸಾಲನ್ನು ಮತ್ತೆ ಬರೆಯಿರಿ.

ಕೊನೆಗೆ ಏನೇನು ಕಳಿಸಬೇಕು, ಯಾವ ಫೈಲ್‌ನಲ್ಲಿ?

ಒಂದೇ ಪಿಡಿಎಫ್. ಮೊದಲ ಪುಟದಲ್ಲಿ ಫೋಟೋ, ಎರಡನೆಯದರಲ್ಲಿ ಎಡಗಡೆ ಇದ್ದ ಹಾಗೇ ಟೈಪ್ ಮಾಡಿದ ಕನ್ನಡ, ಬಲಗಡೆ ಸಾಲಿಗೆ ಸಾಲು ಇಂಗ್ಲಿಷ್. ಅದರ ಕೆಳಗೆ ತಪ್ಪಿನ ಪಟ್ಟಿ, ನಾಲ್ಕೈದು ಸಾಲಿನ ಟಿಪ್ಪಣಿ. ವರ್ಡ್ ಫೈಲ್ ಕಳಿಸಿದರೆ ಅಲ್ಲಿನ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಸರಿ ಇಲ್ಲದೆ ಒತ್ತಕ್ಷರ ಒಡೆದುಹೋಗಬಹುದು, ಆಗ "ಜಾತ್ರೆ" ಸಹ ತಪ್ಪಾಗಿ ಕಾಣುತ್ತದೆ. ಪಿಡಿಎಫ್ ಮಾಡಿದ ಮೇಲೆ ಬೇರೆ ಯಾರದಾದರೂ ಫೋನಿನಲ್ಲಿ ಒಮ್ಮೆ ತೆರೆದು ನೋಡಿ, ಚುಕ್ಕಿ ಇರುವ `ḷ`, `ṇ` ಅಕ್ಷರಗಳ ಜಾಗದಲ್ಲಿ ಖಾಲಿ ಚೌಕ ಬಂದಿದ್ದರೆ ಫಾಂಟ್ ಬದಲಿಸಿ ಮತ್ತೆ ಮಾಡಿ.